ಯಾರಿಗೆ ಪತ್ರ, ಯಾರಿಗೆ ಪ್ರತಿ: ಇಮೇಲಿನ ವಿಳಾಸದ ಮೂರು ಸಾಲುಗಳು

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಪಂಚಾಯತಿಯಿಂದ ಹೊರಡುವ ಇಮೇಲನ್ನು ಸಾಮಾನ್ಯವಾಗಿ ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳು ಕಳುಹಿಸುತ್ತಾರೆ. ಹಾಗಿರುವಾಗ ಈ ವಿಷಯ ಸದಸ್ಯರಿಗೇಕೆ ಎಂಬ ಪ್ರಶ್ನೆ ಸಹಜ. ಪತ್ರ ಬರೆಯಬೇಕೆಂಬ ನಿರ್ಣಯವಾಗುವುದು ತಮ್ಮ ಸಭೆಯಲ್ಲಿ. ಮುಂದಿನ ಸಭೆಯಲ್ಲಿ ‘ಪತ್ರ ಬರೆಯಲಾಗಿದೆ, ಉತ್ತರ ಬಂದಿರುವುದಿಲ್ಲ’ ಎಂಬ ಮಾತನ್ನು ಕೇಳಬೇಕಾದವರೂ ತಾವೇ. ಉತ್ತರ ಬಾರದಿರುವುದಕ್ಕೆ ಕಾರಣ ಎಷ್ಟೋ ಸಲ ಪತ್ರದ ಒಕ್ಕಣೆಯಲ್ಲಿರುವುದಿಲ್ಲ, ಅದರ ಮೇಲಿರುವ ವಿಳಾಸದ ಸಾಲುಗಳಲ್ಲಿರುತ್ತದೆ.

To, Cc, Bcc ಎಂಬ ಈ ಮೂರು ಸಾಲುಗಳು ನಮಗೆ ಹೊಸವಲ್ಲ. ಕಾಗದದ ಪತ್ರದಲ್ಲಿ ‘ಇವರಿಗೆ’ ಎಂದು ಬರೆಯುತ್ತಿದ್ದ ಸ್ಥಳವೇ To. ಪತ್ರದ ಕೊನೆಯಲ್ಲಿ ‘ಪ್ರತಿ’ ಎಂದು ಬರೆದು, ಕೆಳಗೆ ಒಬ್ಬೊಬ್ಬರ ಪದನಾಮ ನಮೂದಿಸುತ್ತಿದ್ದ ಸ್ಥಳ Cc. ಬೆರಳಚ್ಚು ಯಂತ್ರದ ಕಾಲದಲ್ಲಿ ಹಾಳೆಗಳ ನಡುವೆ ಕಾರ್ಬನ್ ಕಾಗದವಿಟ್ಟು ಪ್ರತಿ ತೆಗೆಯುತ್ತಿದ್ದುದರಿಂದ ಆ ಹೆಸರು ಬಂದಿತು. ಮೂಲ ಪತ್ರವನ್ನು ಯಂತ್ರದಿಂದ ಹೊರತೆಗೆದ ಮೇಲೆ ಉಳಿದ ಪ್ರತಿಯಲ್ಲಿ ಮಾತ್ರ ಮತ್ತೊಬ್ಬರ ಹೆಸರನ್ನು ಟೈಪು ಮಾಡುವ ಪದ್ಧತಿಯೂ ಇತ್ತು. ಮೂಲ ಪತ್ರ ಪಡೆದವರಿಗೆ ಆ ಹೆಸರು ಕಾಣುತ್ತಿರಲಿಲ್ಲ. ಇಂದಿನ Bcc ಅದರ ಮುಂದುವರಿಕೆ.

ಆದರೆ ಕಾಗದದಿಂದ ಇಮೇಲಿಗೆ ಬರುವಾಗ ಒಂದು ಉಪಯುಕ್ತ ವಾಕ್ಯ ನಮ್ಮ ಕೈಬಿಟ್ಟುಹೋಯಿತು. ಕಾಗದದ ಪತ್ರದಲ್ಲಿ ಪ್ರತಿ ಪಡೆಯುವವರ ಹೆಸರಿನ ಮುಂದೆ ‘ಅವಗಾಹನೆಗಾಗಿ ಸಲ್ಲಿಸಿದೆ’, ‘ಮಾಹಿತಿಗಾಗಿ ಕಳುಹಿಸಿದೆ’, ‘ಸೂಕ್ತ ಕ್ರಮಕ್ಕಾಗಿ’ ಎಂದು ತಪ್ಪದೆ ಬರೆಯುತ್ತಿದ್ದೆವು. ಪ್ರತಿ ಏಕೆ ಬಂದಿದೆ ಎಂಬುದು ಓದುವವರಿಗೆ ಅಲ್ಲಿಯೇ ತಿಳಿಯುತ್ತಿತ್ತು. ಇಮೇಲಿನ Cc ಸಾಲಿನಲ್ಲಿ ವಿಳಾಸಕ್ಕೆ ಮಾತ್ರ ಸ್ಥಳವಿದೆ, ಉದ್ದೇಶಕ್ಕೆ ಸ್ಥಳವಿಲ್ಲ. ಆದ್ದರಿಂದ ಅದನ್ನು ಪತ್ರದ ಒಳಗೆ ನಾವೇ ಬರೆಯಬೇಕಾಗುತ್ತದೆ.

ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಒಂದು ಗ್ರಾಮದ ಎರಡನೇ ವಾರ್ಡಿನಲ್ಲಿ 60 ಮನೆಗಳಿಗೆ ಒಂದೇ ಪೈಪ್‌ಲೈನಿನಿಂದ ನೀರು ಬರುತ್ತದೆ. ನೀರಿಗೆ ವಾಸನೆಯಿದೆ ಎಂದು ಒಬ್ಬ ಮಹಿಳೆ ಪಂಚಾಯತಿಗೆ ಇಮೇಲ್ ಮೂಲಕ ದೂರು ನೀಡುತ್ತಾರೆ. ನಲ್ಲಿಯ ನೀರನ್ನು ಕ್ಷೇತ್ರ ಪರೀಕ್ಷಾ ಕಿಟ್ಟಿನ ಬಾಟಲಿಯಲ್ಲಿ ತುಂಬಿ ಇಟ್ಟಾಗ ಅದು ಕಪ್ಪಾಗುತ್ತದೆ, ಅಂದರೆ ನೀರಿನಲ್ಲಿ ಮಲಮೂಲದ ಸೂಕ್ಷ್ಮಾಣುಗಳಿರುವ ಸಂಶಯವಿದೆ. ಪೈಪು ಚರಂಡಿಯನ್ನು ದಾಟುವ ಸ್ಥಳದಲ್ಲಿ ಸೋರಿಕೆಯೂ ಕಾಣುತ್ತದೆ. ಪಂಚಾಯತಿಯು ನೀರುಗಂಟಿಯ ಮೂಲಕ ಆ ಲೈನಿನ ಸರಬರಾಜನ್ನು ನಿಲ್ಲಿಸುತ್ತದೆ. ಇನ್ನು ಪತ್ರ ಬರೆಯಬೇಕು.

ಇಂತಹ ಸಂದರ್ಭದಲ್ಲಿ ಅವಸರದಿಂದ ಹೊರಡುವ ಪತ್ರ ಸಾಮಾನ್ಯವಾಗಿ ಹೀಗಿರುತ್ತದೆ. To ಸಾಲಿನಲ್ಲಿ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಉಪವಿಭಾಗದ ಸಹಾಯಕ ಕಾರ್ಯಪಾಲಕ ಅಭಿಯಂತರರು, ತಾಲ್ಲೂಕು ಪಂಚಾಯತ್ ಕಾರ್ಯನಿರ್ವಾಹಕ ಅಧಿಕಾರಿಗಳು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು, ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಎಲ್ಲರೂ ಇರುತ್ತಾರೆ. Cc ಸಾಲಿನಲ್ಲಿ ದೂರು ನೀಡಿದ ಮಹಿಳೆ. ಒಕ್ಕಣೆಯ ಕೊನೆಯಲ್ಲಿ ‘ತುರ್ತಾಗಿ ಅಗತ್ಯ ಕ್ರಮ ಕೈಗೊಳ್ಳಬೇಕೆಂದು ಕೋರಿದೆ’ ಎಂಬ ಒಂದು ವಾಕ್ಯ.

ಈ ಪತ್ರವನ್ನು ಪಡೆದವರ ಸ್ಥಾನದಲ್ಲಿ ನಿಂತು ನೋಡಿ. ಅಭಿಯಂತರರು ಮೇಲಧಿಕಾರಿಗಳ ವಿಳಾಸವನ್ನು ಕಂಡು, ಅವರಿಂದ ಸೂಚನೆ ಬರಲಿ ಎಂದು ಕಾಯುತ್ತಾರೆ. ಕಾರ್ಯನಿರ್ವಾಹಕ ಅಧಿಕಾರಿಗಳು ಇದು ಅಭಿಯಂತರರ ಕೆಲಸವೆಂದು ಭಾವಿಸುತ್ತಾರೆ. ಪೈಪಿನ ಸೋರಿಕೆಯ ಪತ್ರದಲ್ಲಿ ತಾವು ಮಾಡಬೇಕಾದದ್ದೇನು ಎಂಬುದು ವೈದ್ಯಾಧಿಕಾರಿಗಳಿಗೆ ತಿಳಿಯುವುದಿಲ್ಲ. ಇವರಲ್ಲಿ ಯಾರೂ ಕರ್ತವ್ಯದಿಂದ ತಪ್ಪಿಸಿಕೊಂಡವರಲ್ಲ. ‘ಅಗತ್ಯ ಕ್ರಮ’ ಎಂಬ ಪದಕ್ಕೆ ಕರ್ತೃವನ್ನೇ ಪತ್ರ ನೀಡಿರಲಿಲ್ಲ, ಅಷ್ಟೆ. ಎರಡು ಮೂರು ದಿನಗಳ ನಂತರ ‘ಮಾಹಿತಿ ಸ್ವೀಕರಿಸಿದೆ’ ಎಂಬ ಬಗೆಯ ಉತ್ತರಗಳು ಮಾತ್ರ ಬರುತ್ತಿದ್ದರೆ, To ಸಾಲು ತಪ್ಪಾಗಿದೆ ಎಂದು ತಿಳಿಯಬಹುದು.

ಸರಿಪಡಿಸುವ ಕ್ರಮವೂ ಕಠಿಣವಲ್ಲ. ಮೊದಲು ವಿಳಾಸಗಳನ್ನು ಬದಿಗಿಟ್ಟು, ಆಗಬೇಕಾದ ಕೆಲಸಗಳನ್ನು ಬರೆದುಕೊಳ್ಳಬೇಕು. ಇಲ್ಲಿ ಕೆಲಸಗಳು ಎರಡು. ಚರಂಡಿ ದಾಟುವ ಪೈಪನ್ನು ಪರಿಶೀಲಿಸಿ ದುರಸ್ತಿಗೆ ಅಂದಾಜು ನೀಡುವುದು ಮತ್ತು ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುವುದು ಒಂದು, ಇದು ಅಭಿಯಂತರರದು. ಆ 60 ಮನೆಗಳಲ್ಲಿ ವಾಂತಿಭೇದಿಯ ಪ್ರಕರಣಗಳಿವೆಯೇ ಎಂದು ವಿಚಾರಿಸುವುದು ಇನ್ನೊಂದು, ಇದು ವೈದ್ಯಾಧಿಕಾರಿಗಳದು. ಕೆಲಸ ಎರಡಾದುದರಿಂದ ಪತ್ರವೂ ಎರಡಾಗಬೇಕು. ಒಂದೇ ಪತ್ರದ To ಸಾಲಿನಲ್ಲಿ ಇಬ್ಬರನ್ನೂ ಇಡಲು ನಿಯಮದ ಅಡ್ಡಿಯೇನೂ ಇಲ್ಲ. ಆದರೆ ಇಬ್ಬರಿಗೆ ಬೇಕಾದ ವಿವರಗಳೇ ಬೇರೆ. ಅಭಿಯಂತರರಿಗೆ ಬೇಕಾದದ್ದು ಸೋರಿಕೆಯ ಸ್ಥಳ, ಪೈಪಿನ ಅಳತೆ, ಸರಬರಾಜು ನಿಲ್ಲಿಸಿದ ದಿನಾಂಕ. ವೈದ್ಯಾಧಿಕಾರಿಗಳಿಗೆ ಬೇಕಾದದ್ದು ಮನೆಗಳ ಸಂಖ್ಯೆ, ಆ ನೀರನ್ನು ಜನ ಎಷ್ಟು ದಿನಗಳಿಂದ ಕುಡಿದಿದ್ದಾರೆ ಎಂಬ ಅವಧಿ.

ಮೊದಲನೆಯ ಪತ್ರದ ತಿರುಳು ಹೀಗಿರಬಹುದು: ‘ಎರಡನೇ ವಾರ್ಡಿನ ಶಾಲೆಯ ಹಿಂಭಾಗದಲ್ಲಿ ಪೈಪ್‌ಲೈನ್ ಚರಂಡಿಯನ್ನು ದಾಟುವ ಸ್ಥಳದಲ್ಲಿ ಸೋರಿಕೆಯಿದ್ದು, ನಲ್ಲಿ ನೀರಿನ ಕಿಟ್ ಪರೀಕ್ಷೆಯಲ್ಲಿ ಬಾಟಲಿ ಕಪ್ಪಾಗಿರುತ್ತದೆ. ಸರಬರಾಜನ್ನು ನಿಲ್ಲಿಸಲಾಗಿದೆ. ತಾವು ಗುರುವಾರದೊಳಗೆ ಸ್ಥಳ ಪರಿಶೀಲಿಸಿ, ದುರಸ್ತಿಯ ಅಂದಾಜನ್ನು ಈ ಕಛೇರಿಗೆ ನೀಡಬೇಕೆಂದೂ, ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕೆಂದೂ ಕೋರಿದೆ.’ ಇಲ್ಲಿ ‘ತಾವು’ ಎಂದರೆ ಒಬ್ಬರೇ. To ಸಾಲಿನಲ್ಲಿ ಇರಬೇಕಾದವರು ಯಾರು ಎಂಬುದಕ್ಕೆ ಇದನ್ನೇ ಪರೀಕ್ಷೆಯಾಗಿ ಬಳಸಬಹುದು. ಒಕ್ಕಣೆಯ ‘ತಾವು’ ಯಾರನ್ನು ಕುರಿತದ್ದೋ ಅವರು ಮಾತ್ರ To ಸಾಲಿನಲ್ಲಿರಬೇಕು.

ಈ ಪತ್ರದ Cc ಸಾಲಿನಲ್ಲಿ ತಾಲ್ಲೂಕು ಪಂಚಾಯತ್ ಕಾರ್ಯನಿರ್ವಾಹಕ ಅಧಿಕಾರಿಗಳೂ ವೈದ್ಯಾಧಿಕಾರಿಗಳೂ ಇರಬಹುದು. ಅವರನ್ನು ‘ತಾವು’ ಎಂದು ಸಂಬೋಧಿಸದೆ, ಪ್ರಥಮ ಪುರುಷದಲ್ಲಿ ಹೆಸರಿಸಿ ಕೊನೆಯಲ್ಲಿ ಎರಡು ಸಾಲು ಬರೆಯಬೇಕು: ‘ಪ್ರತಿಯನ್ನು ಕಾರ್ಯನಿರ್ವಾಹಕ ಅಧಿಕಾರಿಗಳ ಅವಗಾಹನೆಗಾಗಿ ಸಲ್ಲಿಸಿದೆ. ವೈದ್ಯಾಧಿಕಾರಿಗಳಿಗೆ ಪ್ರತ್ಯೇಕ ಪತ್ರ ಬರೆಯಲಾಗಿದ್ದು, ಈ ಪ್ರತಿಯನ್ನು ಮಾಹಿತಿಗಾಗಿ ಕಳುಹಿಸಿದೆ.’ ಮೇಲಧಿಕಾರಿಗಳಿಗೆ ‘ಸಲ್ಲಿಸಿದೆ’, ಸಮಾನ ಸ್ತರದ ಕಛೇರಿಗೆ ‘ಕಳುಹಿಸಿದೆ’ ಎಂಬ ಹಳೆಯ ಭೇದವನ್ನು ಇಮೇಲಿನಲ್ಲಿಯೂ ಉಳಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಆದರೆ ಒಂದು ಎಚ್ಚರಿಕೆ ಬೇಕು. ದುರಸ್ತಿಗೆ ಹಣ ಮಂಜೂರು ಮಾಡಿಸಬೇಕೆಂಬ ಕೋರಿಕೆಯನ್ನು Cc ಪಡೆದ ಅಧಿಕಾರಿಗಳಿಗೆ ಇದೇ ಪತ್ರದ ನಾಲ್ಕನೆಯ ಪರಿಚ್ಛೇದದಲ್ಲಿ ಸೇರಿಸಿದರೆ, ಅದು ಅವರ ಕಣ್ಣಿಗೆ ಬೀಳದೆಯೇ ಹೋಗಬಹುದು. ಪ್ರತಿಯನ್ನು ಪ್ರತಿಯಂತೆಯೇ ಓದುತ್ತಾರೆ. ಕೋರಿಕೆಯಿದ್ದರೆ ಅವರನ್ನು To ಸಾಲಿನಲ್ಲಿಟ್ಟು ಬೇರೆ ಪತ್ರ ಬರೆಯಬೇಕು.

ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳ ಹೆಸರನ್ನು ಮೊದಲ ಪತ್ರದಲ್ಲಿ ನಾನು ಬೇಕೆಂದೇ ಬಿಟ್ಟಿದ್ದೇನೆ. ಕೆಲಸ ಆರಂಭವಾಗುವ ಮೊದಲೇ ಅಷ್ಟು ಮೇಲಿನವರಿಗೆ ಪ್ರತಿ ಹೋದರೆ, ಕೋರಿಕೆಯ ಪತ್ರ ದೂರಿನ ಪತ್ರದಂತೆ ಕಾಣುತ್ತದೆ. ಗುರುವಾರ ಕಳೆದರೂ ಪರಿಶೀಲನೆ ಆಗದಿದ್ದರೆ ನೆನಪೋಲೆ ಹೊರಡುತ್ತದೆ. ಅವರ ಹೆಸರು Cc ಸಾಲಿಗೆ ಬರಬೇಕಾದದ್ದು ಆಗ. ನೆನಪೋಲೆಯಲ್ಲಿಯೂ To ಬದಲಾಗುವುದಿಲ್ಲ. ಮೊದಲ ಪತ್ರದ ಸಂಖ್ಯೆ ಮತ್ತು ದಿನಾಂಕವನ್ನು ಉಲ್ಲೇಖದಲ್ಲಿ ನಮೂದಿಸಿ, ಕೋರಿಕೆಯನ್ನು ಪುನಃ ಅದೇ ಪದಗಳಲ್ಲಿ ಬರೆದರೆ ಸಾಕು. ಕಟುವಾದ ಮಾತು ಬೇಕಾಗುವುದಿಲ್ಲ. Cc ಸಾಲಿನ ಹೊಸ ಹೆಸರೇ ಹೇಳಬೇಕಾದದ್ದನ್ನು ಹೇಳಿರುತ್ತದೆ.

ಇನ್ನು ದೂರು ನೀಡಿದ ಮಹಿಳೆಯ ವಿಷಯ. ಅವರನ್ನು Cc ಸಾಲಿನಲ್ಲಿ ಇಟ್ಟರೆ ಅವರ ವಿಳಾಸ ಎಲ್ಲ ಕಛೇರಿಗಳಿಗೂ, ಆ ಪತ್ರ ಮುಂದೆ ರವಾನೆಯಾದಲ್ಲೆಲ್ಲಾ ಕಾಣುತ್ತದೆ. ನೀರಿನ ದೂರಿನಲ್ಲಿ ಇದು ಅಷ್ಟು ತೊಂದರೆ ಕೊಡಲಾರದು. ಒತ್ತುವರಿಯ ಬಗ್ಗೆಯೋ ಅಕ್ರಮ ಮದ್ಯ ಮಾರಾಟದ ಬಗ್ಗೆಯೋ ದೂರಿದ್ದರೆ, ಆ ವ್ಯಕ್ತಿ ಊರಿನಲ್ಲಿ ಬದುಕುವುದೇ ಕಷ್ಟವಾದೀತು. ಹಾಗಾದರೆ Bcc ಸಾಲಿನಲ್ಲಿ ಇಡಬಹುದಲ್ಲವೇ ಎಂದು ತಾವು ಕೇಳಬಹುದು. ಅದೂ ಬೇಡ. Bcc ಪಡೆದವರು Reply all ಎಂಬುದನ್ನು ಒತ್ತಿದರೆ, ಅವರ ಉತ್ತರ To ಮತ್ತು Cc ಸಾಲಿನ ಎಲ್ಲರಿಗೂ ಹೋಗುತ್ತದೆ. ಗುಪ್ತವಾಗಿದ್ದ ಹೆಸರನ್ನು ಅವರೇ ಅರಿಯದೆ ಪ್ರಕಟಿಸಿದಂತಾಗುತ್ತದೆ. ಅವರಿಗೆ ಪ್ರತ್ಯೇಕವಾಗಿ ‘ತಮ್ಮ ದೂರಿನ ಮೇಲೆ ಈ ದಿನ ಸಂಬಂಧಪಟ್ಟ ಕಛೇರಿಗೆ ಪತ್ರ ಬರೆಯಲಾಗಿದೆ’ ಎಂದು ತಿಳಿಸುವುದೇ ಸುರಕ್ಷಿತ. ಅಭಿಯಂತರರಿಗೆ ಬರೆಯುವಾಗಲೂ ಅವರ ಇಮೇಲನ್ನೇ ಮುಂದಕ್ಕೆ ರವಾನಿಸದೆ ಹೊಸ ಪತ್ರವನ್ನೇ ಬರೆಯಬೇಕು. ರವಾನಿಸಿದ ಪತ್ರದ ಅಡಿಯಲ್ಲಿ ಮೂಲ ದೂರು, ಹೆಸರು, ವಿಳಾಸ ಎಲ್ಲವೂ ಜೋತುಬಿದ್ದಿರುತ್ತವೆ.

Bcc ನಿಜವಾಗಿ ಉಪಯೋಗಕ್ಕೆ ಬರುವುದು ಅನೇಕರಿಗೆ ಒಂದೇ ಸಂದೇಶ ಹೋಗಬೇಕಾದಾಗ. ಈ ಪ್ರಸಂಗದಲ್ಲಿಯೇ, ವಾರ್ಡಿನ ಜನರಿಗೆ ‘ಮುಂದಿನ ಸೂಚನೆಯವರೆಗೆ ಟ್ಯಾಂಕರ್ ನೀರನ್ನು ಬಳಸಿರಿ, ಕುಡಿಯುವ ನೀರನ್ನು ಕುದಿಸಿ ಆರಿಸಿರಿ’ ಎಂದು ತಿಳಿಸಬೇಕಾಗಿದೆ. ಊರಿನಲ್ಲಿ ಡಂಗುರ, ಫೋನು ಇದ್ದೇ ಇವೆ. ಇಮೇಲ್ ಇರುವವರಿಗೆ ಇಮೇಲೂ ಹೋಗಲಿ. To ಸಾಲಿನಲ್ಲಿ ಪಂಚಾಯತಿಯ ಸ್ವಂತ ವಿಳಾಸವನ್ನೇ ಇಟ್ಟು, ಉಳಿದೆಲ್ಲರನ್ನು Bcc ಸಾಲಿನಲ್ಲಿ ಇಡಬೇಕು. ಆಗ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವುದಿಲ್ಲ, ಅವರ ಉತ್ತರವೂ ಪಂಚಾಯತಿಗೆ ಮಾತ್ರ ಬರುತ್ತದೆ. ಒಕ್ಕಣೆಯಲ್ಲಿ ಒಂದು ಬದಲಾವಣೆ ಅವಶ್ಯಕ. ಓದುವವರಿಗೆ ಇತರರ ಹೆಸರು ಕಾಣದಿರುವುದರಿಂದ ಇದು ತಮಗೊಬ್ಬರಿಗೇ ಬಂದಿದೆ ಎಂಬ ಭಾವನೆ ಬರಬಹುದು. ಅದಕ್ಕಾಗಿ ಮೊದಲ ಸಾಲಿನಲ್ಲಿಯೇ ‘ಎರಡನೇ ವಾರ್ಡಿನ ಎಲ್ಲ ನಿವಾಸಿಗಳಿಗೆ’ ಎಂದು ಬರೆಯಬೇಕು. ವರ್ತಕರಿಂದ ದರಪಟ್ಟಿ ಕೇಳುವಾಗಲೂ ಇದೇ ಎಚ್ಚರ ಬೇಕು. ಯಾರು ಯಾರನ್ನು ಕೇಳಲಾಗಿದೆ ಎಂಬುದು ಅವರಿಗೆ ತಿಳಿದರೆ ದರ ಹೊಂದಾಣಿಕೆಗೆ ನಾವೇ ದಾರಿ ಮಾಡಿಕೊಟ್ಟಂತೆ.

ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು. ನಿಯಮಾನುಸಾರ ನೀಡುವ ಸಭಾ ನೋಟಿಸಿನ ಜೊತೆಗೆ ಸದಸ್ಯರಿಗೆ ಕಾರ್ಯಸೂಚಿಯನ್ನು ಇಮೇಲ್ ಮಾಡುವಾಗ ಎಲ್ಲರೂ To ಸಾಲಿನಲ್ಲಿಯೇ ಇರಬೇಕು. ಬರಬೇಕಾದವರು ಪ್ರತಿಯೊಬ್ಬರೂ ಹೌದು, ಯಾರು ಯಾರನ್ನು ಕರೆಯಲಾಗಿದೆ ಎಂಬುದನ್ನು ಸದಸ್ಯರು ನೋಡಬೇಕಾದದ್ದೂ ಹೌದು.

Bcc ಸಾಲನ್ನು ಇನ್ನೊಂದು ಉದ್ದೇಶಕ್ಕೂ ಬಳಸುವುದುಂಟು. ಒಬ್ಬ ಅಧಿಕಾರಿಗೆ ಬರೆದ ಪತ್ರವನ್ನು ಅವರಿಗೆ ತಿಳಿಯದಂತೆ ಮತ್ತೊಬ್ಬರಿಗೆ ತೋರಿಸುವುದು. ಕಛೇರಿಯ ಪತ್ರವ್ಯವಹಾರದಲ್ಲಿ ಇದು ಸಲ್ಲದು. ಪಡೆದವರಿಗೆ Bcc ಕಾಣದಿದ್ದರೂ, ಕಳುಹಿಸಿದವರ Sent ಕಡತದಲ್ಲಿರುವ ಪ್ರತಿಯಲ್ಲಿ ಆ ಹೆಸರುಗಳು ಸಾಮಾನ್ಯವಾಗಿ ಉಳಿದಿರುತ್ತವೆ. 2005ರ ಮಾಹಿತಿ ಹಕ್ಕು ಅಧಿನಿಯಮದಲ್ಲಿ ‘ಮಾಹಿತಿ’ ಎಂಬ ಪದದ ವ್ಯಾಖ್ಯೆಯೊಳಗೆ ಇಮೇಲನ್ನು ಹೆಸರಿಸಿಯೇ ಸೇರಿಸಲಾಗಿದೆ. ಅರ್ಜಿ ಬಂದ ದಿನ ಹೊರತೆಗೆಯಬೇಕಾದದ್ದು ಆ ಕಡತದ ಪ್ರತಿಯನ್ನೇ.