ಒತ್ತಕ್ಷರಕ್ಕೆ ಜಾಗ: ಎರಡು ಲಿಪಿಯ ಒಂದು ಲೋಗೊ

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಇವತ್ತು ನಾನು ನಾಲ್ಕು ಹೆಸರುಗಳ ಬಗ್ಗೆ ಮಾತ್ರ ಮಾತನಾಡುತ್ತೇನೆ: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಈ ನಾಲ್ಕೂ ಊರುಗಳಿಗೆ ಒಂದೇ ಕುಟುಂಬದ ಲೋಗೊ ಮಾಡಬೇಕು, ಪ್ರತಿಯೊಂದರಲ್ಲೂ ಮೇಲೆ ಕನ್ನಡದ ಹೆಸರು, ಕೆಳಗೆ ಇಂಗ್ಲಿಷಿನ ಹೆಸರು ಇರಬೇಕು ಎಂದುಕೊಳ್ಳೋಣ. ರೇಷ್ಮೆ ಸೀರೆಯ ಪೆಟ್ಟಿಗೆಗೂ ಬೊಂಬೆಗೆ ಕಟ್ಟುವ ಚೀಟಿಗೂ ಊರಿನ ಸ್ವಾಗತ ಫಲಕಕ್ಕೂ ಅದೇ ಲೋಗೊ ಹೊಂದಬೇಕು. ಸುಲಭದ ಕೆಲಸದಂತೆ ಕಾಣುತ್ತದೆ. ಆದರೆ ಹೆಚ್ಚಿನ ದ್ವಿಭಾಷಾ ಲೋಗೊಗಳು ಕೆಡುವುದು ಇಲ್ಲಿಯೇ.

ಒಂದೇ ಪಾಯಿಂಟು, ಬೇರೆ ಬೇರೆ ಗಾತ್ರ

ಡಿಟಿಪಿ ಅಂಗಡಿಯಲ್ಲಿ ಕನ್ನಡಕ್ಕೂ 48 ಪಾಯಿಂಟ್, ಇಂಗ್ಲಿಷಿಗೂ 48 ಪಾಯಿಂಟ್ ಕೊಟ್ಟು ನೋಡಿ. ಕನ್ನಡ ಚಿಕ್ಕದಾಗಿ ಕಾಣುತ್ತದೆ. ಪಾಯಿಂಟ್ ಎನ್ನುವುದು ಅಕ್ಷರದ ಅಳತೆಯಲ್ಲ, ಅದು ಕೂರುವ ಚೌಕಟ್ಟಿನ ಅಳತೆ. ಕನ್ನಡದಲ್ಲಿ ಆ ಚೌಕಟ್ಟಿನೊಳಗೆ ಕೆಳಗೆ ಒತ್ತಕ್ಷರ, ಮೇಲೆ ಗುಡಿಸು, ನಡುವೆ ಅಕ್ಷರದ ಒಡಲು ಇವೆಲ್ಲ ಹಿಡಿಸಬೇಕು. ಹಾಗಾಗಿ ಫಾಂಟ್ ಮಾಡಿದವರು ಒಡಲನ್ನು ಕುಗ್ಗಿಸಿರುತ್ತಾರೆ.

ಆದ್ದರಿಂದ ಪಾಯಿಂಟ್ ಮರೆತು ಒಡಲನ್ನು ಅಳೆಯಿರಿ. ಅಡಿಗೆರೆಯಿಂದ ತಲೆಕಟ್ಟಿನ ಮೇಲಂಚಿನವರೆಗೆ ಎಷ್ಟಿದೆ ಎನ್ನುವುದೇ ಕನ್ನಡದ ಅಳತೆ. ಇಂಗ್ಲಿಷಿನಲ್ಲಿ ದೊಡ್ಡಕ್ಷರದ ಎತ್ತರ ಅದಕ್ಕೆ ಜೊತೆ. ದೇವನಾಗರಿಯಲ್ಲಿ ಪದದ ಮೇಲೆ ಉದ್ದಕ್ಕೂ ಶಿರೋರೇಖೆ ಇರುವುದರಿಂದ ಕಣ್ಣಿಗೆ ಒಂದು ಗಟ್ಟಿ ಗೆರೆ ಸಿಗುತ್ತದೆ. ನಮಗೆ ಆ ಅನುಕೂಲವಿಲ್ಲ. ‘ಚನ್ನಪಟ್ಟಣ’ದ ಚ, ನ, ಪ ಅಕ್ಷರಗಳಿಗೆ ತಲೆಕಟ್ಟು ಇದೆ, ಟ, ಣ ಅಕ್ಷರಗಳಿಗೆ ಇಲ್ಲ. ಅಳತೆಪಟ್ಟಿ ಇಟ್ಟು ಕೊನೆಯ ಎರಡು ಅಕ್ಷರಗಳು ಉಳಿದ ಮೂರರ ಎತ್ತರಕ್ಕೆ ಬರುತ್ತಿವೆಯೇ ಎಂದು ನೋಡಬೇಕು. ತಗ್ಗಿದ್ದರೆ ಪದ ಬಲಗಡೆಗೆ ಇಳಿದಂತೆ ಕಾಣುತ್ತದೆ.

ಕಷ್ಟದ ಹೆಸರಿನಿಂದ ಶುರು ಮಾಡಿ

ನಾಲ್ಕು ಹೆಸರುಗಳಲ್ಲಿ ಒತ್ತಕ್ಷರ ಇರುವುದು ಒಂದರಲ್ಲೇ. ರಾಮನಗರ ಅಡಿಗೆರೆಯ ಮೇಲೆ ಸಮನಾಗಿ ಕೂರುತ್ತದೆ. ಕನಕಪುರದಲ್ಲಿ ‘ಪು’ವಿನ ಕೊಂಬು ಬುಡದಿಂದ ಹೊರಡುವುದರಿಂದ ಹಲವು ಫಾಂಟ್‌ಗಳಲ್ಲಿ ತುಸು ಕೆಳಗಿಳಿಯುತ್ತದೆ. ಮಾಗಡಿಯಲ್ಲಿ ಗುಡಿಸು ಮೇಲಿದೆ. ಚನ್ನಪಟ್ಟಣದಲ್ಲಿ ಮಾತ್ರ ‘ನ್ನ’, ‘ಟ್ಟ’ ಎರಡೂ ಕೆಳಗೆ ಇಳಿಬಿದ್ದಿವೆ. ಬಹಳ ಜನ ರಾಮನಗರದಿಂದ ಶುರು ಮಾಡಿ, ಅಂತರ ಚೆನ್ನಾಗಿ ಕೂಡಿಬಂತೆಂದು ಅದೇ ಅಂತರವನ್ನು ಚನ್ನಪಟ್ಟಣಕ್ಕೂ ಹಾಕುತ್ತಾರೆ. ಆಗ ಒತ್ತುಗಳು ಇಂಗ್ಲಿಷಿನ ತಲೆಯ ಮೇಲೆ ಕೂರುತ್ತವೆ. ಜಾಗ ಮಾಡಲೆಂದು ಇಡೀ ಕನ್ನಡವನ್ನೇ ಕುಗ್ಗಿಸಿಬಿಡುತ್ತಾರೆ. ತಪ್ಪು ಇರುವುದು ಅಂತರದಲ್ಲಿ, ಶಿಕ್ಷೆ ಆಗುವುದು ಕನ್ನಡಕ್ಕೆ.

ಹಾಗಾಗಿ ಚನ್ನಪಟ್ಟಣದಿಂದಲೇ ಶುರು ಮಾಡೋಣ. ಕನ್ನಡದ ಒಡಲಿನ ಎತ್ತರ 10 ಭಾಗ ಎಂದಿಟ್ಟುಕೊಳ್ಳಿ. ಒತ್ತು ಅಡಿಗೆರೆಯಿಂದ ಸುಮಾರು 5 ಭಾಗ ಇಳಿಯಲಿ. ಒತ್ತಿನ ತುದಿಗೂ ಇಂಗ್ಲಿಷಿನ ತಲೆಗೂ ನಡುವೆ 2 ಭಾಗ ಗಾಳಿಯಾಡಲಿ. ಇಂಗ್ಲಿಷ್ ದೊಡ್ಡಕ್ಷರದ ಎತ್ತರ 7 ಭಾಗ. ಒಟ್ಟು 24 ಭಾಗ. ಕನ್ನಡದ ಅಡಿಗೆರೆಗೂ ಇಂಗ್ಲಿಷಿನ ತಲೆಗೂ ಇರುವ ಅಂತರ 7 ಭಾಗ; ಅಂದರೆ ಇಂಗ್ಲಿಷಿನ ಎತ್ತರದಷ್ಟೇ. ನೆನಪಿಡಲು, ಬೇರೆಯವರಿಗೆ ಹೇಳಿಕೊಡಲು ಇದು ಸುಲಭ.

2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ನಾಮಫಲಕದ ಮೇಲ್ಭಾಗದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆನ್ನುತ್ತದೆ. ಒತ್ತಿನ ಕೆಳಗಿನ ಗಾಳಿಯನ್ನು ಅರ್ಧರ್ಧ ಹಂಚಿದರೆ ನಮ್ಮ ಲೋಗೊದಲ್ಲಿ ಎತ್ತರದ ಲೆಕ್ಕಕ್ಕೆ ಕನ್ನಡದ ಪಾಲು 24ರಲ್ಲಿ 16, ಅಂದರೆ ಮೂರರಲ್ಲಿ ಎರಡು. ಇಂಗ್ಲಿಷ್ ಬಡವಾಗಿಯೂ ಕಾಣುವುದಿಲ್ಲ.

ಈ 7 ಭಾಗದ ಅಂತರವನ್ನು ರಾಮನಗರಕ್ಕೆ ಹಾಕಿದಾಗ ನಡುವೆ ತುಸು ಖಾಲಿ ಕಾಣುತ್ತದೆ ನಿಜ. ನಾಲ್ಕೂ ಫಲಕಗಳು ಒಂದೇ ಸಾಲಿನಲ್ಲಿ ನಿಲ್ಲುವುದಾದರೆ ಅದನ್ನು ಹಾಗೇ ಬಿಡಬೇಕು, ಇಲ್ಲದಿದ್ದರೆ ಇಂಗ್ಲಿಷ್ ಸಾಲು ಮೇಲೆ ಕೆಳಗೆ ಕುಣಿಯುತ್ತದೆ. ರಾಮನಗರದ ಲೋಗೊ ಒಂಟಿಯಾಗಿ ಬಳಕೆಯಾಗುವಾಗ ಅಂತರವನ್ನು 4 ಭಾಗಕ್ಕೆ ಇಳಿಸಿದ ಇನ್ನೊಂದು ಆವೃತ್ತಿ ಇಟ್ಟುಕೊಳ್ಳಬಹುದು. ಯಾವುದು ಎಲ್ಲಿಗೆ ಎಂದು ಮೊದಲೇ ಬರೆದಿಡಬೇಕು.

ಇಂಗ್ಲಿಷನ್ನು ಸಣ್ಣಕ್ಷರದಲ್ಲಿ ಬರೆದರೆ ಇನ್ನೊಂದು ತೊಡಕಿದೆ. ‘ಟ್ಟ’ದ ಒತ್ತು ಇಳಿಯುವ ಕಡೆಗೇ ಹೆಚ್ಚು ಕಡಿಮೆ ಇಂಗ್ಲಿಷಿನ ‘ಟಿ’ ತಲೆಯೆತ್ತುತ್ತದೆ. ಎರಡೂ ಒಂದನ್ನೊಂದು ತಾಕುವಂತೆ ಕಾಣುತ್ತದೆ. ಎಲ್ಲವೂ ದೊಡ್ಡಕ್ಷರವಾದರೆ ಮೇಲಂಚು ಸಮತಟ್ಟಾಗಿರುತ್ತದೆ, ಒತ್ತು ಎಲ್ಲಿ ಇಳಿದರೂ ತೊಂದರೆಯಿಲ್ಲ.

ದಪ್ಪ ಮತ್ತು ಅಗಲ

ಒಡಲನ್ನು ಹೊಂದಿಸಲು ಕನ್ನಡವನ್ನು ಹಿಗ್ಗಿಸಿದಾಗ ಅದರ ಗೆರೆಯೂ ದಪ್ಪವಾಗುತ್ತದೆ. ಈಗ ಕನ್ನಡ ಕಪ್ಪಗೆ, ಇಂಗ್ಲಿಷ್ ತೆಳ್ಳಗೆ. ಪರಿಹಾರ: ಇಂಗ್ಲಿಷ್ ಸೆಮಿಬೋಲ್ಡ್ ಆದರೆ ಕನ್ನಡಕ್ಕೆ ಒಂದು ಮೆಟ್ಟಿಲು ಕೆಳಗಿನ ಮೀಡಿಯಂ. 2022ರಲ್ಲಿ ಗೂಗಲ್ ಫಾಂಟ್ಸ್‌ಗೆ ಬಂದ ‘ಅನೇಕ್ ಕನ್ನಡ’ದಂಥ ವೇರಿಯಬಲ್ ಫಾಂಟ್‌ನಲ್ಲಿ ದಪ್ಪವನ್ನು ಬೇಕಾದಷ್ಟೇ ತಿರುಗಿಸಿ ನಿಲ್ಲಿಸಬಹುದು. ‘ಪ’ದ ನಿಂತ ಗೆರೆಯನ್ನೂ ಇಂಗ್ಲಿಷ್ ‘ಎನ್’ನ ನಿಂತ ಗೆರೆಯನ್ನೂ ಪಕ್ಕಪಕ್ಕ ಇಟ್ಟು ಕಣ್ಣು ಕಿರಿದು ಮಾಡಿ ನೋಡಿ, ಎರಡು ಸಾಲೂ ಒಂದೇ ಬೂದು ಬಣ್ಣ ಕಾಣಬೇಕು.

ಅಗಲದ ವಿಷಯಕ್ಕೆ ಬಂದರೆ, ಚನ್ನಪಟ್ಟಣ ಕನ್ನಡದಲ್ಲಿ 5 ಅಕ್ಷರ, ಇಂಗ್ಲಿಷಿನಲ್ಲಿ 11. 10ಕ್ಕೆ 7ರ ಎತ್ತರದಲ್ಲಿ ಎರಡೂ ಹತ್ತಿರ ಹತ್ತಿರ ಒಂದೇ ಅಗಲಕ್ಕೆ ಬರುತ್ತವೆ. ಮಾಗಡಿಯಲ್ಲಿ ಹಾಗಾಗುವುದಿಲ್ಲ, ಇಂಗ್ಲಿಷಿನ 6 ಅಕ್ಷರಗಳು ಗಿಡ್ಡವಾಗಿ ಉಳಿಯುತ್ತವೆ. ಅದನ್ನು ಎಳೆದು ಎರಡು ತುದಿಗೂ ಮುಟ್ಟಿಸಬೇಡಿ, ಎಡಕ್ಕೆ ಸೇರಿಸಿ ಬಿಟ್ಟುಬಿಡಿ. ಕನ್ನಡದ ಅಕ್ಷರಗಳ ನಡುವೆಯಂತೂ ಜಾಗ ಹಿಗ್ಗಿಸಲೇಬೇಡಿ. ನುಡಿಯ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಒತ್ತು ಬೇರೆಯೇ ಅಚ್ಚು. ಜಾಗ ಹಿಗ್ಗಿಸಿದರೆ ಒತ್ತು ತನ್ನ ಅಕ್ಷರವನ್ನು ಬಿಟ್ಟು ಬಲಕ್ಕೆ ಸರಿಯುತ್ತದೆ. ಯೂನಿಕೋಡ್ ಬಳಸಿದರೂ ಇಲ್‌ಸ್ಟ್ರೇಟರ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆಯಾಗಿರದಿದ್ದರೆ ಒತ್ತು ಒಡೆದು ‘ಟ್’ ಮತ್ತು ‘ಟ’ ಬೇರೆಬೇರೆಯಾಗಿ ಬರುತ್ತವೆ. ಫೈಲು ಮುದ್ರಣಕ್ಕೆ ಹೋಗುವ ಮುನ್ನ ಅಕ್ಷರಗಳನ್ನು ಔಟ್‌ಲೈನ್ ಮಾಡಿ ಕಳಿಸಿದರೆ ಪ್ರೆಸ್ಸಿನಲ್ಲಿ ಈ ಅನಾಹುತ ಆಗುವುದಿಲ್ಲ.

ಬೊಂಬೆಯ ಚೀಟಿಯ ಪರೀಕ್ಷೆ

ಆಲೆಮರವನ್ನು ಕಡೆದು ಅರಗಿನ ಬಣ್ಣ ಹಿಡಿಸಿದ ಚನ್ನಪಟ್ಟಣದ ಬೊಂಬೆಗೆ ಜಿಐ ಮಾನ್ಯತೆ ಇದೆ. ಅದರ ಚೀಟಿ ಹೆಬ್ಬೆರಳಿನಷ್ಟೇ ಅಗಲ. ಲೋಗೊವನ್ನು 15 ಮಿಲಿಮೀಟರ್ ಅಗಲಕ್ಕೆ ಇಳಿಸಿ, ಪರದೆಯ ಮೇಲೆ ಅಲ್ಲ, ಅದೇ ಕಾಗದದ ಮೇಲೆ ಅಚ್ಚು ಹಾಕಿಸಿ ನೋಡಿ. ಮೊದಲು ಮುಚ್ಚಿಹೋಗುವುದು ಒತ್ತಿನ ಒಳಗಿನ ಬಿಳಿ. ಒತ್ತು ಚುಕ್ಕೆಯಾದರೆ ಊರಿನ ಹೆಸರು ‘ಚನಪಟಣ’ ಆಗುತ್ತದೆ. ಹಾಗಾಗಿ ಸಣ್ಣ ಗಾತ್ರಕ್ಕೆಂದು ಗೆರೆ ತೆಳುವಾದ, ಒತ್ತು ಕೊಂಚ ದೊಡ್ಡದಾದ ಪ್ರತ್ಯೇಕ ಆವೃತ್ತಿ ಬೇಕು. ಅದರಲ್ಲೂ ಒತ್ತು ಉಳಿಯದಿದ್ದರೆ ಆ ಗಾತ್ರದಲ್ಲಿ ಇಂಗ್ಲಿಷನ್ನು ಬಿಟ್ಟು ಕನ್ನಡವೊಂದನ್ನೇ ದೊಡ್ಡದಾಗಿ ಇಡುವುದು ಸರಿ.

ಈ ಲೋಗೊ ಕುಟುಂಬಕ್ಕೆ ಮುಂದೆ ಹೊಸ ಹೆಸರುಗಳೂ ಸೇರಬಹುದು. 2007ರಲ್ಲಿ ರಾಮನಗರ ಜಿಲ್ಲೆಯಾದಾಗ ನಮ್ಮ ಈ ನಾಲ್ಕು ಊರುಗಳ ತಾಲ್ಲೂಕುಗಳಷ್ಟೇ ಇದ್ದವು. ಈಗ ಹಾರೋಹಳ್ಳಿಯೂ ತಾಲ್ಲೂಕು. ಜಿಲ್ಲೆಯ ಹೆಸರೂ 2025ರಲ್ಲಿ ಬೆಂಗಳೂರು ದಕ್ಷಿಣ ಎಂದಾಗಿದೆ. ‘ಳ್ಳಿ’, ‘ಕ್ಷಿ’ ಎರಡರಲ್ಲೂ ಮೇಲೆ ಗುಡಿಸು, ಕೆಳಗೆ ಒತ್ತು. ಚನ್ನಪಟ್ಟಣದ ಅಳತೆಯಿಂದ ಕಟ್ಟಿದ ಲೋಗೊದಲ್ಲಿ ಕೆಳಗಿನ ಜಾಗ ಈಗಾಗಲೇ ಇದೆ, ಗುಡಿಸಿಗೆ ಮೇಲಿನ ಅಂಚನ್ನಷ್ಟೇ ನೋಡಿಕೊಂಡರೆ ಸಾಕು. ರಾಮನಗರದ ಅಳತೆಯಿಂದ ಕಟ್ಟಿದ್ದರೆ ಎಲ್ಲವನ್ನೂ ಮತ್ತೆ ಮಾಡಬೇಕಾಗುತ್ತಿತ್ತು. ನಿಮ್ಮ ಊರಿನ, ಅಂಗಡಿಯ, ಸಂಘದ ಹೆಸರಿಗೆ ಲೋಗೊ ಮಾಡುವಾಗಲೂ ಆ ಸಾಲಿನಲ್ಲಿ ಅತಿ ಆಳಕ್ಕೆ ಇಳಿಯುವ ಒತ್ತಕ್ಷರ ಯಾವುದೆಂದು ಮೊದಲು ಹುಡುಕಿ. ಅದಕ್ಕೆ ಜಾಗ ಕೊಟ್ಟ ಮೇಲೆ ಇಂಗ್ಲಿಷಿಗೆ ಜಾಗ ಎಲ್ಲಿ ಎಂದು ಕೇಳಿ.