ಕರೆಂಟ್ ಬಿಲ್ಲಿನಲ್ಲಿ ಅಂಕಿ ಅದಲುಬದಲಾದಾಗ

ಬೋರನಕಣಿವೆ ಕಡೆಯ ಒಂದು ತೆಂಗಿನ ತೋಟದ ಮನೆ ಅಂದುಕೊಳ್ಳಿ. ಗೃಹಜ್ಯೋತಿ ಇರುವುದರಿಂದ ತಿಂಗಳು ತಿಂಗಳು ಶೂನ್ಯ ಬಿಲ್ ಬರುತ್ತಿತ್ತು. ಈ ಸಲ ಸಾವಿರಾರು ರೂಪಾಯಿ ಬಂದಿದೆ. ಬಿಲ್ ನೋಡಿದರೆ ಹಿಂದಿನ ರೀಡಿಂಗ್ 4312, ಈಗಿನದು 4930, ಖರ್ಚು 618 ಯೂನಿಟ್. ಗೋಡೆಯ ಮೇಲಿನ ಮೀಟರ್ ತೋರಿಸುತ್ತಿರುವುದು ಮಾತ್ರ 4390. ನಡುವಿನ ಎರಡು ಅಂಕಿ ಅದಲುಬದಲಾಗಿವೆ. ನಿಜವಾಗಿ ಉರಿದದ್ದು 78 ಯೂನಿಟ್.

ಗೃಹಜ್ಯೋತಿಯಲ್ಲಿ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಹಾಗಾಗಿ ಒಂದು ತಪ್ಪು ಅಂಕಿಯಿಂದ ಆ ತಿಂಗಳ ರಿಯಾಯಿತಿಯೇ ಹೋಗುತ್ತದೆ.

ಕಚೇರಿಗೆ ಫೋನ್ ಮಾಡಿದರೆ "ಮುಂದಿನ ತಿಂಗಳು ಸರಿಹೋಗುತ್ತೆ ಬಿಡಿ" ಅನ್ನುವವರುಂಟು. ಹೇಗೆ ಸರಿಹೋದೀತು? ಮುಂದಿನ ತಿಂಗಳು ಮೀಟರ್ 4470ರ ಆಸುಪಾಸಿನಲ್ಲಿರುತ್ತದೆ. ಕಂಪ್ಯೂಟರಿನಲ್ಲಿ ಹಿಂದಿನ ರೀಡಿಂಗ್ 4930 ಅಂತ ಕೂತಿರುತ್ತದೆ. ಈಗಿನದು ಹಿಂದಿನದಕ್ಕಿಂತ ಕಡಿಮೆಯಾಗಿ ಲೆಕ್ಕ ಗೋಜಲಾಗುತ್ತದೆ, ಹಳೆಯ ಮೊತ್ತ ಬಾಕಿಯಾಗಿ ಉಳಿಯುತ್ತದೆ.

ಅದಕ್ಕೇ ಇ-ಮೇಲ್ ಬರೆಯಬೇಕು. ಮೊದಲು ಮೀಟರಿನ ಫೋಟೋ ತೆಗೆಯಿರಿ. ಡಿಜಿಟಲ್ ಮೀಟರಿನಲ್ಲಿ ದಿನಾಂಕ, ವೇಳೆ, ವೋಲ್ಟೇಜ್ ಒಂದಾದ ಮೇಲೊಂದು ಬರುತ್ತಿರುತ್ತವೆ. kWh ಎಂದು ಬರುವ ತನಕ ಕಾಯಿರಿ. ಮೀಟರಿನ ಸೀರಿಯಲ್ ನಂಬರೂ ಅದೇ ಚಿತ್ರದಲ್ಲಿ ಕಾಣಬೇಕು. ಮನೆಯ ಆರ್‌ಆರ್ ನಂಬರನ್ನು ಬಿಲ್ ನೋಡಿಕೊಂಡೇ ಬರೆಯಿರಿ. ತೋಟದ ಪಂಪ್‌ಸೆಟ್ಟಿನ ನಂಬರ್ ಬೇರೆ, ಅದನ್ನು ಹಾಕಿಬಿಟ್ಟರೆ ದೂರು ಇನ್ನೆಲ್ಲಿಗೋ ಹೋಗುತ್ತದೆ.

ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರಿಗೆ ಹೀಗೆ ಬರೆದರೆ ಸಾಕು: "ಮಾನ್ಯರೇ, ಮೇಲಿನ ಆರ್‌ಆರ್ ನಂಬರಿನ ಈ ತಿಂಗಳ ಬಿಲ್ಲಿನಲ್ಲಿ ರೀಡಿಂಗ್ 4390 ಬದಲು 4930 ಎಂದು ನಮೂದಾಗಿದೆ. ಬಿಲ್ ಮತ್ತು ಮೀಟರಿನ ಫೋಟೋ ಲಗತ್ತಿಸಿದ್ದೇನೆ. ಸ್ಥಳ ಪರಿಶೀಲಿಸಿ, 78 ಯೂನಿಟ್‌ಗೆ ಗೃಹಜ್ಯೋತಿ ಅನ್ವಯಿಸಿ ಪರಿಷ್ಕೃತ ಬಿಲ್ ನೀಡಬೇಕಾಗಿ ಕೋರುತ್ತೇನೆ. ತಪ್ಪು ಮೊತ್ತ ರದ್ದಾಗಿದೆ, ಮುಂದಿನ ಬಿಲ್ಲಿಗೆ ಹಿಂದಿನ ರೀಡಿಂಗ್ 4390 ಎಂದೇ ಇರುತ್ತದೆ ಎಂಬುದನ್ನು ಲಿಖಿತವಾಗಿ ತಿಳಿಸಿ."

ಈ ಕೊನೆಯ ವಾಕ್ಯ ಬಿಡಬೇಡಿ. "ದೂರು ಪರಿಹರಿಸಲಾಗಿದೆ" ಅಂತ ಮೊಬೈಲಿಗೆ ಬರುವ ಸಂದೇಶದಲ್ಲಿ ಮೊತ್ತವೂ ಇರುವುದಿಲ್ಲ, ರೀಡಿಂಗೂ ಇರುವುದಿಲ್ಲ. ಮೂರು ತಿಂಗಳಾದ ಮೇಲೆ ಬಾಕಿ ಕೇಳಲು ಬಂದ ಲೈನ್‌ಮನ್‌ಗೆ ಅದನ್ನು ತೋರಿಸಿ ಪ್ರಯೋಜನವಿಲ್ಲ.

ಅಷ್ಟರಲ್ಲಿ ಫ್ಯೂಸ್ ಕಿತ್ತುಕೊಂಡು ಹೋದರೆ ಎಂಬ ಭಯ ಇದ್ದದ್ದೇ. 2003ರ ವಿದ್ಯುಚ್ಛಕ್ತಿ ಕಾಯಿದೆಯ 56ನೇ ಕಲಮಿನಲ್ಲಿ ಇದಕ್ಕೆ ದಾರಿಯಿದೆ. ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಆಕ್ಷೇಪಣೆ ದಾಖಲಿಸಿ ಕಟ್ಟಿದರೆ, ವಿವಾದ ತೀರುವ ತನಕ ಸಂಪರ್ಕ ಕಡಿಯುವಂತಿಲ್ಲ. ಉತ್ತರವೇ ಬರದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ, ಅಲ್ಲೂ ಆಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಆಗ ಮೊದಲ ಇ-ಮೇಲಿನ ಪ್ರತಿಯನ್ನು ತಾರೀಕು ಕಾಣುವಂತೆ ಮುದ್ರಿಸಿ ಅರ್ಜಿಗೆ ಲಗತ್ತಿಸಿ.