ಔಷಧಿ ಹೊಡೆದ ಸಾಲು, ಹೊಡೆಯದ ಸಾಲು



ಹೊರನಾಡು, ಕಳಸ, ಸಂಸೆ ಕಡೆಯ ತೋಟಗಳಲ್ಲಿ ಓಡಾಡುವವರು ಒಂದು ಸಣ್ಣ ತಗಡಿನ ಫಲಕವನ್ನು ನೋಡಿರುತ್ತೀರಿ. ‘ಪ್ರಾತ್ಯಕ್ಷಿಕೆ ತಾಕು’ ಎಂದು ಮೇಲೆ, ಬೆಳೆಯ ಹೆಸರು ಕೆಳಗೆ. ವರ್ಷ ಮುಗಿಯುವ ಹೊತ್ತಿಗೆ ಆ ತಾಕಿನಿಂದ ಒಂದು ವರದಿ ಹೊರಡುತ್ತದೆ. ಪ್ರಾತ್ಯಕ್ಷಿಕೆಯಲ್ಲಿ ಇಷ್ಟು ಇಳುವರಿ, ರೈತರ ಪದ್ಧತಿಯಲ್ಲಿ ಇಷ್ಟು, ಖರ್ಚು ಇಷ್ಟು, ಕೊನೆಯ ಕಾಲಮಿನಲ್ಲಿ ರೈತರ ಅನಿಸಿಕೆ. ಈ ವರದಿಗೂ ಒಂದು ಚರಿತ್ರೆ ಇದೆ. ನಮ್ಮ ಮಲೆನಾಡಿನಲ್ಲಿ ಅದು ಅಡಿಕೆಯ ಕೊಳೆರೋಗದ ಚರಿತ್ರೆಯ ಜೊತೆಗೇ ಹೆಣೆದುಕೊಂಡಿದೆ.

ಕೊಳೆ ಔಷಧಿಯೆಂದು ನಾವು ಕರೆಯುವ ಬೋರ್ಡೋ ದ್ರಾವಣ ಸಿಕ್ಕಿದ್ದೇ ಯಾರೂ ಉದ್ದೇಶಿಸದ ಒಂದು ಪ್ರಾತ್ಯಕ್ಷಿಕೆಯಿಂದ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯುತ್ತಿದ್ದರು. ಅದಕ್ಕೆ ತೋಟದವರು ದಾರಿ ಬದಿಯ ಬಳ್ಳಿಗಳಿಗಷ್ಟೇ ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚುತ್ತಿದ್ದರು. ನೀಲಿ ಕಲೆ ಕಂಡು ವಿಷವೆಂದು ಹೆದರಲಿ ಅಂತ. ಬೂಜು ರೋಗ ಬಂದು ಒಳಗಿನ ಬಳ್ಳಿಗಳ ಎಲೆಯೆಲ್ಲ ಉದುರಿದಾಗಲೂ ದಾರಿ ಬದಿಯ ಸಾಲು ಹಸಿರಾಗಿಯೇ ಇತ್ತು. ಸಸ್ಯವಿಜ್ಞಾನಿ ಮಿಲ್ಲಾರ್ಡೆ ಅದನ್ನು ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು. ಒಂದೇ ತೋಟ, ಒಂದೇ ತಳಿ, ಒಂದೇ ಮಳೆ. ಹೊಡೆದದ್ದು ಒಂದು ಕಡೆ, ಹೊಡೆಯದ್ದು ಪಕ್ಕದಲ್ಲೇ. ಪ್ರಾತ್ಯಕ್ಷಿಕೆಗೆ ಬೇಕಾದ್ದೆಲ್ಲ ಅಲ್ಲಿತ್ತು.

ಆ ಕಾಲಕ್ಕೆ ನಮ್ಮಲ್ಲಿ ಕೊಳೆರೋಗಕ್ಕೆ ಇದ್ದ ಉಪಾಯ ಕೊಟ್ಟೆ ಕಟ್ಟುವುದು. ಹಾಳೆಯಿಂದಲೋ ಹುಲ್ಲಿನಿಂದಲೋ ಟೊಪ್ಪಿಯಂತೆ ಮಾಡಿ, ಮಳೆ ಹಿಡಿಯುವ ಮೊದಲು ಒಂದೊಂದು ಗೊನೆಗೂ ಹೊದಿಸಬೇಕು. ಗೊನೆ ನೆನೆಯದಿದ್ದರೆ ಕೊಳೆಯುವುದಿಲ್ಲ ಎಂಬ ತಿಳಿವಳಿಕೆ ಸರಿಯಾದದ್ದೇ. ಆದರೆ ಮರಕ್ಕೆ ಮೂರು ನಾಲ್ಕು ಗೊನೆ, ಎಕರೆಗೆ ಐನೂರು ಚಿಲ್ಲರೆ ಮರ. ಅಷ್ಟು ಕೊಟ್ಟೆ ಮಾಡಿ ಕಟ್ಟುವಷ್ಟರಲ್ಲಿ ಮಳೆ ಬಂದೇ ಬಿಡುತ್ತಿತ್ತು.

1908ರಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. ಮುಂದೆ ಕೃಷಿ ಇಲಾಖೆಯ ನಿರ್ದೇಶಕರೂ ಆದರು. ಕೊಳೆರೋಗಕ್ಕೆ ಫೈಟಾಫ್ತೊರಾ ಎಂಬ ಶಿಲೀಂಧ್ರ ಕಾರಣವೆಂದು ಅವರು 1910ರಲ್ಲಿ ವಿವರವಾಗಿ ಬರೆದರು. ಬೋರ್ಡೋ ದ್ರಾವಣ ಅದನ್ನು ತಡೆಯುತ್ತದೆ ಎಂದೂ ತೋರಿಸಿದರು. ಫ್ರಾನ್ಸಿನ ಮಳೆ ಬೇರೆ, ನಮ್ಮ ಆಷಾಢದ ಮಳೆ ಬೇರೆ. ಇಲ್ಲಿ ಔಷಧಿ ಗೊನೆಗೆ ಅಂಟಿ ಉಳಿಯಬೇಕಾದರೆ ರಾಳ ಮತ್ತು ಸೋಡಾ ಕಾಯಿಸಿದ ಅಂಟು ಸೇರಿಸಬೇಕಾಯಿತು. ಈ ಔಷಧಿ ಮಲೆನಾಡಿನಲ್ಲಿ ಹಬ್ಬಿದ್ದಕ್ಕೆ ಒಂದು ಮುಖ್ಯ ಕಾರಣ, ನನ್ನ ಮಟ್ಟಿಗೆ, ಕೊಳೆರೋಗದ ಸ್ವಭಾವವೇ. ಮಳೆ ಹಿಡಿದ ಎರಡು ಮೂರು ವಾರಕ್ಕೆ ಕಾಯಿಯ ತೊಟ್ಟಿನ ಬಳಿ ನೀರು ಕುಡಿದಂಥ ಕಡುಹಸಿರು ಮಚ್ಚೆ ಕಾಣುತ್ತದೆ, ಮೇಲೆ ಬಿಳಿ ಬೂಜು ಕಟ್ಟುತ್ತದೆ, ಕಾಯಿ ಉದುರುತ್ತದೆ. ಹೊಡೆದ ಮರದ ಬುಡ, ಹೊಡೆಯದ ಮರದ ಬುಡ ಎರಡನ್ನೂ ಶ್ರಾವಣದಲ್ಲಿ ಒಮ್ಮೆ ನೋಡಿದರೆ ಸಾಕು. ತೀರ್ಪಿಗೆ ವರದಿ ಬೇಕಾಗಿಯೇ ಇಲ್ಲ.

ಇದೇ ಹೊತ್ತಿಗೆ ಅಮೆರಿಕದಲ್ಲಿ ಪ್ರಾತ್ಯಕ್ಷಿಕೆಗೆ ಇನ್ನೊಂದು ಗುಣ ಸೇರಿತ್ತು. 1903ರಲ್ಲಿ ಟೆಕ್ಸಾಸಿನ ಟೆರೆಲ್ ಊರಲ್ಲಿ ಸೀಮನ್ ನ್ಯಾಪ್ ಸರ್ಕಾರಿ ಮಾದರಿ ಫಾರಂ ಬಿಟ್ಟು, ಊರಿನ ಒಬ್ಬ ರೈತನ ಹೊಲವನ್ನೇ ಆರಿಸಿಕೊಂಡರು. ನಷ್ಟವಾದರೆ ತುಂಬಿಕೊಡಲು ಊರಿನ ವರ್ತಕರು ಹಣ ಕೂಡಿಟ್ಟರು. ಸರ್ಕಾರಿ ಫಾರಮ್ಮಿನಲ್ಲಿ ಬೆಳೆದರೆ ‘ಅವರಿಗೇನು, ಸರ್ಕಾರದ ದುಡ್ಡು’ ಎನ್ನುವ ಮಾತು ಬಂದೇ ಬರುತ್ತದೆ. ನಮ್ಮ ದೇಶದಲ್ಲಿ 1964-65ರ ರಾಷ್ಟ್ರೀಯ ಪ್ರಾತ್ಯಕ್ಷಿಕೆಗಳಲ್ಲಿ ಎಂ.ಎಸ್. ಸ್ವಾಮಿನಾಥನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಡ ರೈತರ ಹೊಲದಲ್ಲೇ ಮಾಡಬೇಕೆಂದರು. ಅನುಕೂಲಸ್ಥರ ಹೊಲದಲ್ಲಿ ಬೆಳೆ ಚೆನ್ನಾಗಿ ಬಂದರೆ ಜನ ಅದನ್ನು ತಳಿಯ ಗುಣ ಎನ್ನುವುದಿಲ್ಲ, ದುಡ್ಡಿನ ಗುಣ ಎನ್ನುತ್ತಾರೆ ಎಂಬುದು ಅವರ ವಾದ. ಫಲಕಗಳು ರಸ್ತೆ ಬದಿಯ ದೊಡ್ಡ ತೋಟಗಳನ್ನೇ ಹುಡುಕಿಕೊಂಡು ಹೋಗುವುದನ್ನು ನೋಡಿದಾಗಲೆಲ್ಲ ನನಗೆ ಈ ವಾದ ನೆನಪಾಗುತ್ತದೆ.

1990ರ ದಶಕದಲ್ಲಿ ಮುಂಚೂಣಿ ಪ್ರಾತ್ಯಕ್ಷಿಕೆ ಬಂತು. ಮೂಡಿಗೆರೆಯದ್ದೂ ಸೇರಿ ಕೃಷಿ ವಿಜ್ಞಾನ ಕೇಂದ್ರಗಳು ಈಗ ಮಾಡುವುದು ಇದನ್ನೇ. ಇಲ್ಲಿ ಹೋಲಿಕೆಯ ಅರ್ಥವೇ ಬದಲಾಯಿತು. ಕೋಲ್ಮನ್ ಕಾಲದಲ್ಲಿ ಪಕ್ಕದ ಸಾಲು ಎಂದರೆ ಏನೂ ಹೊಡೆಯದ ಸಾಲು. ಇವತ್ತು ಹೊರನಾಡಿನಲ್ಲಿ ಅರ್ಧ ಎಕರೆಗೆ ಕೊಳೆ ಔಷಧಿ ಬಿಡಿ ಎಂದರೆ ಯಾರು ಬಿಡುತ್ತಾರೆ? ಹಾಗಾಗಿ ಈಗ ಪಕ್ಕದ ಸಾಲು ಎಂದರೆ ರೈತರು ತಮ್ಮ ರೂಢಿಯಂತೆ ಹೊಡೆದ ಸಾಲು. ಎರಡರ ನಡುವಿನ ವ್ಯತ್ಯಾಸ ಸಣ್ಣದಾಗಿರುವುದು ಸಹಜ. ದೊಡ್ಡದಾಗಿ ಬಂದರೆ ವರದಿಯನ್ನು ಇನ್ನೊಮ್ಮೆ ನೋಡಬೇಕು.

ಎಲ್ಲಿ ನೋಡಬೇಕು ಎಂದು ಒಂದು ತೋಟ ಇಟ್ಟುಕೊಂಡು ಹೇಳುತ್ತೇನೆ. ಅಂಕಿಗಳು ಲೆಕ್ಕಕ್ಕೆಂದು ಹಿಡಿದವು, ಯಾರ ತೋಟದ್ದೂ ಅಲ್ಲ. ಒಂದು ಎಕರೆ, ಐನೂರು ಮರ, ಎರಡು ಪಾಲು. ಒಂದು ಪಾಲಿಗೆ ಮಳೆ ಹಿಡಿಯುವ ಮೊದಲೇ ಮೊದಲ ಸಿಂಪಡಣೆ, ನಲವತ್ತು ನಲವತ್ತೈದು ದಿನಕ್ಕೆ ಎರಡನೆಯದು. ಇನ್ನೊಂದು ಪಾಲಿಗೆ ಆಳು ಸಿಕ್ಕಾಗ, ಅಂದರೆ ಮಳೆ ಶುರುವಾದ ಮೇಲೆ, ಬಿಸಿಲು ಕಂಡ ದಿನ. ಔಷಧಿ ಎರಡಕ್ಕೂ ಒಂದೇ: ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಐವತ್ತು ಐವತ್ತು ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಕಬ್ಬಿಣ ಮುಟ್ಟದ ಪಾತ್ರೆಯಲ್ಲಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ಆಮೇಲೆ ಹೊಳೆಯುವ ಚಾಕುವನ್ನು ಒಂದು ನಿಮಿಷ ಅದ್ದಬೇಕು. ಅಲಗು ಕೆಂಪಾದರೆ ಹುಳಿ ಉಳಿದಿದೆ, ಸುಣ್ಣ ಇನ್ನಷ್ಟು ಬೇಕು. ಈ ಚಾಕುವಿನ ಪರೀಕ್ಷೆ ಮಾಡಿದಿರಾ ಎಂಬ ಒಂದು ಪ್ರಶ್ನೆ ವರದಿಯಲ್ಲಿ ಇರಬೇಕಿತ್ತು.

ಕೊಯ್ಲಾದ ಮೇಲೆ ಮೊದಲ ಪಾಲಿನಲ್ಲಿ ನಾಲ್ಕು ಕ್ವಿಂಟಲ್ ಒಣ ಅಡಿಕೆ, ಎರಡನೆಯದರಲ್ಲಿ ಮೂರು ಬಂತು ಎನ್ನಿ. ಇದನ್ನು ನಂಬಬಹುದೆ? ತೋಟ ಕಣಿವೆಯ ಇಳಿಜಾರಿನಲ್ಲಿದ್ದರೆ, ಹಳ್ಳದ ಕಡೆಯ ನೆರಳಿನ ಮರಗಳಿಗೆ ಕೊಳೆ ಯಾವತ್ತೂ ಹೆಚ್ಚು. ಮೇಲಿನ ಅರ್ಧವನ್ನು ಪ್ರಾತ್ಯಕ್ಷಿಕೆಗೆ ಕೊಟ್ಟು ಕೆಳಗಿನ ಅರ್ಧವನ್ನು ಹೋಲಿಕೆಗೆ ಇಟ್ಟಿದ್ದರೆ, ಗೆದ್ದದ್ದು ಬಿಸಿಲು, ಸಿಂಪಡಣೆಯ ಹೊತ್ತಲ್ಲ. ತೋಟವನ್ನು ಮೇಲಿನಿಂದ ಕೆಳಗೆ ಸೀಳಿ, ಎರಡೂ ಪಾಲಿಗೆ ಹಳ್ಳದ ಅಂಚು ಸಿಗುವಂತೆ ಮಾಡಬೇಕು. ಇನ್ನೊಂದು ತೊಂದರೆ ಸುಲಿಯುವ ಮನೆಯಲ್ಲಿದೆ. ಎರಡು ಪಾಲಿನ ಗೊನೆಗಳೂ ಒಂದೇ ಅಂಗಳಕ್ಕೆ ಬಂದು, ಒಂದೇ ಹಂಡೆಯಲ್ಲಿ ಬೆಂದು, ಒಂದೇ ತಟ್ಟಿಯಲ್ಲಿ ಒಣಗಿದರೆ, ಆಮೇಲೆ ಬರೆಯುವ ಎರಡು ತೂಕಗಳು ಅಂದಾಜು. ಅಂದಾಜು ಸಾಮಾನ್ಯವಾಗಿ ಪೂರ್ಣಾಂಕದಲ್ಲಿ ಬರುತ್ತದೆ. ನಿಜವಾದ ತಕ್ಕಡಿ ಅಷ್ಟು ಅಚ್ಚುಕಟ್ಟಾಗಿ ನಿಲ್ಲುವುದಿಲ್ಲ. ಇದನ್ನು ತಪ್ಪಿಸಲು ಪ್ರತಿ ಪಾಲಿನಲ್ಲಿ ಹತ್ತಿಪ್ಪತ್ತು ಮರ ಗುರುತು ಮಾಡಿ, ಮಳೆಗೆ ಮೊದಲೊಮ್ಮೆ, ಕೊಯ್ಲಿಗೆ ಮೊದಲೊಮ್ಮೆ ಗೊನೆಯ ಕಾಯಿ ಎಣಿಸುವುದು ಒಳ್ಳೆಯದು. ಉದುರಿದ್ದೆಷ್ಟು ಎಂದು ಅದು ನೇರವಾಗಿ ಹೇಳುತ್ತದೆ.

ಇನ್ನು ಖರ್ಚು. ಮೊದಲ ಪಾಲಿಗೆ ಹೊತ್ತಿಗೆ ಸರಿಯಾಗಿ ಕೊನೆಗಾರರನ್ನು ಕರೆಸಲು ಹತ್ತು ಸಾವಿರ ಹೆಚ್ಚು ಹೋಯಿತು ಎನ್ನಿ. ಹೆಚ್ಚುವರಿ ಬಂದ ಕ್ವಿಂಟಲಿಗೆ ನಲವತ್ತು ಸಾವಿರ ದರ ಹಿಡಿದರೆ ಲಾಭ ಮೂವತ್ತು ಸಾವಿರ. ಆದರೆ ಆ ಕ್ವಿಂಟಲನ್ನು ಕೊಯ್ದು, ಸುಲಿದು, ಬೇಯಿಸಿ ಒಣಗಿಸಿದ ಕೂಲಿ ಎಲ್ಲಿ? ಅದಕ್ಕೆ ಐದು ಸಾವಿರ ಕಳೆಯಿರಿ, ಇಪ್ಪತ್ತೈದು ಉಳಿಯಿತು. ದರ ಇಪ್ಪತ್ತೈದು ಸಾವಿರಕ್ಕೆ ಇಳಿದ ವರ್ಷ ಉಳಿಯುವುದು ಹತ್ತೇ ಸಾವಿರ. ಆದ್ದರಿಂದ ವರದಿಯಲ್ಲಿ ಎರಡು ದರದ ಲೆಕ್ಕ ಬೇಕು. ಲಾಭ-ವೆಚ್ಚದ ಅನುಪಾತವನ್ನು ಪೂರ್ತಿ ನಾಲ್ಕು ಕ್ವಿಂಟಲಿನ ಮೇಲೆ ಹಾಕುವ ರೂಢಿಯೂ ಇದೆ. ಮೂರು ಕ್ವಿಂಟಲ್ ಹೇಗೂ ಬರುತ್ತಿತ್ತಲ್ಲ! ಹೊಸ ಪದ್ಧತಿಯ ಪಾಲಿಗೆ ಬರೆಯಬೇಕಾದ್ದು ಆ ಒಂದು ಕ್ವಿಂಟಲ್ ಮಾತ್ರ.

ಅನಿಸಿಕೆಯ ಕಾಲಮ್ಮಿನಲ್ಲಿ ‘ರೈತರು ತೃಪ್ತರಾಗಿದ್ದಾರೆ’ ಎಂಬ ಒಂದು ಸಾಲು ಇರುವುದೇ ಹೆಚ್ಚು. ತೋಟದವರನ್ನು ಕೂರಿಸಿ ಕೇಳಿದರೆ ಬರುವ ಮಾತು ಬೇರೆ. ಮೇ ಕೊನೆಗೆ ಎಲ್ಲರೂ ಒಟ್ಟಿಗೆ ಕರೆದರೆ ಕೊನೆಗಾರ ಎಷ್ಟು ಕಡೆ ಹೋಗುತ್ತಾನೆ? ಸುಣ್ಣ ಸೋಸದಿದ್ದರೆ ನಾಝಲ್ ಕಟ್ಟುತ್ತದೆ. ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿಗೂ ಅದೇ ಔಷಧಿ ಬಿದ್ದು ಬಳ್ಳಿ ಸಾಯುವುದು ಕಡಿಮೆಯಾಯಿತು ಎಂದೂ ಒಬ್ಬರು ಹೇಳಬಹುದು. ಆ ಮಾತಿಗೆ ಬುಡವಿದೆ: ಮೆಣಸಿನ ಶೀಘ್ರ ಸೊರಗು ರೋಗಕ್ಕೂ ಫೈಟಾಫ್ತೊರಾ ಜಾತಿಯೇ ಕಾರಣ. ಇಳುವರಿಯ ಕಾಲಮ್ಮಿನಲ್ಲಿ ಅಡಿಕೆ ಮಾತ್ರ ಇರುವುದರಿಂದ ಈ ಲಾಭ ಎಲ್ಲಿಯೂ ದಾಖಲಾಗುವುದಿಲ್ಲ.

ಕೊಳೆರೋಗಕ್ಕೆ ಒಗ್ಗಿಹೋದ ಈ ಒಂದು ವರ್ಷದ ವರದಿಯ ಅಚ್ಚು ಈಗ ತೊಡಕಿಗೆ ಸಿಕ್ಕಿರುವುದು ಎಲೆಚುಕ್ಕೆ ರೋಗದಲ್ಲಿ. ಕಳಸ, ಹೊರನಾಡು, ಸಂಸೆ ಸುತ್ತಿನ ತೋಟಗಳನ್ನು ಈಚಿನ ವರ್ಷಗಳಲ್ಲಿ ಇದು ಹಣ್ಣು ಮಾಡಿದೆ. ಕೆಳಗಿನ ಸೋಗೆಗಳಲ್ಲಿ ಹಳದಿ ಅಂಚಿನ ಕಂದು ಚುಕ್ಕೆ, ಚುಕ್ಕೆಗಳು ಕೂಡಿ ಸೋಗೆ ಒಣಗಿ ಜೋತು ಬೀಳುತ್ತದೆ. ರೋಗದ ಸೋಗೆ ಕಡಿದು ಸುಡಿ, ಪ್ರೊಪಿಕೊನಜೋಲ್ ಲೀಟರಿಗೆ ಒಂದು ಎಂಎಲ್‌ನಂತೆ ಅಂಟಿನೊಡನೆ ಹೊಡೆಯಿರಿ ಎಂಬುದು ಶಿಫಾರಸು. ಅದರ ಪ್ರಾತ್ಯಕ್ಷಿಕೆ ಹಾಕಿ, ಅದೇ ವರ್ಷದ ಇಳುವರಿ ತೂಗಿದರೆ ಎರಡು ಪಾಲೂ ಹೆಚ್ಚುಕಡಿಮೆ ಒಂದೇ ಬರಬಹುದು. ‘ಔಷಧಿ ದಂಡ’ ಎಂದು ರೈತರು ಹೇಳಿದರೆ ಅವರ ತಪ್ಪಲ್ಲ. ಅಡಿಕೆಯಲ್ಲಿ ಸೋಗೆಗೊಂದು ಸಿಂಗಾರ; ಹಾಳೆ ಬಿದ್ದಾಗ ಅದು ಒಡೆಯುತ್ತದೆ, ಕಾಯಿ ಬಲಿಯಲು ಮತ್ತೆ ಎಂಟು ತಿಂಗಳಾದರೂ ಬೇಕು. ಈ ವರ್ಷ ಸೋಗೆ ಉಳಿಸಿದ್ದರ ಫಲ ಕಾಣುವುದು ಮುಂದಿನ ವರ್ಷದ, ಅದರಾಚೆಯ ಕೊಯ್ಲಿನಲ್ಲಿ. ಅದರ ಮೇಲೆ, ಪಕ್ಕದ ತೋಟದಲ್ಲಿ ರೋಗದ ಸೋಗೆ ಹಾಗೇ ತೂಗುತ್ತಿದ್ದರೆ ಮಳೆಗಾಳಿಗೆ ಬೀಜಕಣ ಇತ್ತ ಬಂದೇ ಬರುತ್ತದೆ. ಅರ್ಧ ಎಕರೆಯ ತಾಕು ಇಲ್ಲಿ ಸಾಲದು. ಒಂದು ಕಣಿವೆಯ ತೋಟಗಳೆಲ್ಲ ಸೇರಿ ಒಂದು ತಾಕು, ಮುಂದಿನ ಕಣಿವೆ ಅದಕ್ಕೆ ಹೋಲಿಕೆ.

ಕಾಫಿಯವರಿಗೆ ಈ ತಾಳ್ಮೆ ಹಳೆಯದು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಶುರುವಾದದ್ದು 1925ರಲ್ಲಿ, ಎಸ್. 795 ತಳಿ ಬೆಳೆಗಾರರ ಕೈ ಸೇರಿದ್ದು 1940ರ ದಶಕದಲ್ಲಿ. ಗಿಡ ಫಲಕ್ಕೆ ಬಂದು ನಾಲ್ಕಾರು ಕೊಯ್ಲು ನೋಡದೆ ಅಲ್ಲಿ ಯಾರೂ ತೀರ್ಪು ಬರೆಯುವುದಿಲ್ಲ. ಎಲೆಚುಕ್ಕೆಯ ತಾಕಿಗೂ ಕನಿಷ್ಠ ಮೂರು ವರ್ಷದ ಪುಸ್ತಕ ಬೇಕು. ಮೊದಲ ವರ್ಷ ಇಳುವರಿಯ ಬದಲು ಗುರುತು ಮಾಡಿದ ಮರಗಳ ಹಸಿರು ಸೋಗೆ ಎಣಿಸಲಿ. ಚೆನ್ನಾಗಿರುವ ಮರದ ನೆತ್ತಿಯಲ್ಲಿ ಎಂಟರಿಂದ ಹತ್ತು ಇರುತ್ತವೆ. ಎರಡನೆಯ ವರ್ಷ ಅದೇ ಮರಗಳಲ್ಲಿ ಎಷ್ಟು ಸಿಂಗಾರ ಒಡೆಯಿತು, ಅದರಲ್ಲಿ ಎಷ್ಟು ಗೊನೆಯಾಗಿ ನಿಂತಿತು ಎಂದು ಬರೆಯಲಿ. ತಕ್ಕಡಿ ಮೂರನೆಯ ವರ್ಷಕ್ಕೆ ಬರಲಿ.